ಅಪಠಿತ ಗದ್ಯ: ಉತ್ತರ ಗೊತ್ತಿದ್ದರೂ ಅಂಕ ಏಕೆ ಹೋಗುತ್ತದೆ?

ಪ್ರಶ್ನೆ: ನನ್ನ ಮಗ ಎಂಟನೇ ತರಗತಿ. ಮನೆಯಲ್ಲಿ ನಾವು ಮಾತಾಡುವುದು ಕನ್ನಡವೇ, ಓದುವುದೂ ಚೆನ್ನಾಗಿಯೇ ಓದುತ್ತಾನೆ. ಆದರೂ ಕನ್ನಡ ಪರೀಕ್ಷೆಯಲ್ಲಿ, ಮೊದಲು ಓದಿರದ ಗದ್ಯ ಕೊಟ್ಟು ಪ್ರಶ್ನೆ ಕೇಳುತ್ತಾರಲ್ಲ, ಅಲ್ಲೇ ಪ್ರತಿ ಸಲ ಅಂಕ ಹೋಗುತ್ತದೆ. ಒಮ್ಮೆ ಒಂದೇ ಪದ ಬರೆದು ಬಂದ, ‘ಪೂರ್ಣ ವಾಕ್ಯ ಬರೆ’ ಎಂದು ಕೆಂಪು ಶಾಯಿಯಲ್ಲಿ ಗುರುತು. ಮುಂದಿನ ಸಲ ಅರ್ಧ ಪ್ಯಾರಾ ನಕಲು ಮಾಡಿದ, ‘ಪ್ರಶ್ನೆಗೆ ತಕ್ಕಷ್ಟೇ ಬರೆ’ ಎಂದು ಗುರುತು. ‘ಹಾಗಾದ್ರೆ ಎಷ್ಟು ಬರೀಬೇಕು ಅಮ್ಮಾ?’ ಎಂದು ಕೇಳುತ್ತಾನೆ. ಸ್ವಂತ ವಾಕ್ಯದಲ್ಲೇ ಬರೆಯಬೇಕಾ, ಗದ್ಯದಲ್ಲಿ ಇರುವುದನ್ನೇ ಬರೆದರೆ ತಪ್ಪಾ? ನನಗೂ ಸರಿಯಾಗಿ ಹೇಳಲು ಬರುತ್ತಿಲ್ಲ.

ಉತ್ತರ: ನಿಮ್ಮ ಮಗ ಒಂದು ಪದದಲ್ಲಿ ಉತ್ತರ ಬರೆದದ್ದು ಸೋಮಾರಿತನದಿಂದ ಅಲ್ಲ. ಮಾತಿನಲ್ಲಿ ಕನ್ನಡ ಇರುವುದೇ ಹಾಗೆ. ‘ಎಲ್ಲಿಗೆ ಹೋಗಿದ್ದೆ?’ ಎಂದರೆ ‘ಶಾಲೆಗೆ’ ಎನ್ನುತ್ತೇವೆ. ‘ನಾನು ಶಾಲೆಗೆ ಹೋಗಿದ್ದೆನು’ ಎಂದು ಯಾರೂ ಹೇಳುವುದಿಲ್ಲ, ಹೇಳಿದರೆ ನಗು ಬರುತ್ತದೆ. ಎದುರಿಗಿದ್ದವರು ಪ್ರಶ್ನೆ ಕೇಳಿದ ಮರುಕ್ಷಣ ಉತ್ತರ ಬರುವುದರಿಂದ ಉಳಿದದ್ದೆಲ್ಲ ಅವರಿಗೆ ಗೊತ್ತಿರುತ್ತದೆ. ಮನೆಮಾತು ಕನ್ನಡವಾಗಿರುವ ಮಕ್ಕಳಿಗೆ ಈ ಅಭ್ಯಾಸ ಜಾಸ್ತಿ ಗಟ್ಟಿಯಾಗಿರುತ್ತದೆ. ಇಂಗ್ಲಿಷ್ ಪತ್ರಿಕೆಯಲ್ಲಿ ಪೂರ್ಣ ವಾಕ್ಯ ಬರೆಯುವ ಮಗುವೇ ಕನ್ನಡದಲ್ಲಿ ಒಂದು ಪದ ಬರೆದು ಬರುವುದನ್ನು ನಾನು ಎಷ್ಟೋ ತರಗತಿಗಳಲ್ಲಿ ನೋಡಿದ್ದೇನೆ. ಅದಕ್ಕೆ ಇಂಗ್ಲಿಷನ್ನು ಬರವಣಿಗೆಯ ಮೂಲಕ ಕಲಿತದ್ದೇ ಕಾರಣ. ಕನ್ನಡ ಬಂದದ್ದು ಬಾಯಿಮಾತಿನಿಂದ.

ಅರ್ಧ ಪ್ಯಾರಾ ನಕಲು ಮಾಡಿದ್ದರ ಕಾರಣ ಬೇರೆ. ಹಿಂದಿನ ಸಲ ಅಂಕ ಹೋಗಿದೆ, ಎಲ್ಲಿ ಮತ್ತೆ ಕಡಿಮೆಯಾಗುತ್ತದೋ ಎಂಬ ಭಯ. ಉತ್ತರ ಇಲ್ಲೇ ಎಲ್ಲೋ ಇದೆ ಎಂದು ಗೊತ್ತು, ಎಲ್ಲಿಂದ ಎಲ್ಲಿಯವರೆಗೆ ಎಂದು ಗೊತ್ತಿಲ್ಲ. ಹಾಗಾಗಿ ಎಲ್ಲವನ್ನೂ ಬರೆದುಬಿಡುತ್ತಾನೆ. ಈ ಎರಡಕ್ಕೂ ಮದ್ದು ಒಂದೇ ಕಡೆ ಇದೆ, ಪ್ರಶ್ನೆಯಲ್ಲಿ. ಉತ್ತರ ಎಷ್ಟು ಉದ್ದ ಇರಬೇಕು, ಯಾವ ಪದದಿಂದ ಶುರುವಾಗಬೇಕು, ಯಾವ ಪ್ರತ್ಯಯ ಹತ್ತಬೇಕು ಎಂಬುದನ್ನು ಪ್ರಶ್ನೆಯೇ ಹೇಳುತ್ತದೆ. ಮಕ್ಕಳು ಗದ್ಯವನ್ನು ಎರಡು ಮೂರು ಸಲ ಓದುತ್ತಾರೆ, ಪ್ರಶ್ನೆಯನ್ನು ಮಾತ್ರ ಒಂದೇ ಸಲ, ಅದೂ ಅರ್ಧಂಬರ್ಧ ಓದುತ್ತಾರೆ.

ಒಂದು ಗದ್ಯ ಇಟ್ಟುಕೊಂಡೇ ನೋಡೋಣ. ಇದನ್ನು ನಾನೇ ಬರೆದಿದ್ದೇನೆ. ನಿಮ್ಮ ಮಗನ ಕೈಗೂ ಕೊಡಬಹುದು.

> ಗೀಜಗವು ಗುಬ್ಬಚ್ಚಿಯಷ್ಟು ದೊಡ್ಡದಾದ ಹಕ್ಕಿ. ಮಳೆಗಾಲದ ಹೊತ್ತಿಗೆ ಗಂಡು ಗೀಜಗ ಗೂಡು ಕಟ್ಟಲು ಶುರು ಮಾಡುತ್ತದೆ. ಅದು ಹುಲ್ಲಿನ ಎಸಳುಗಳನ್ನು ಮತ್ತು ತಾಳೆಗರಿಯ ಸೀಳುಗಳನ್ನು ತಂದು ಕೊಕ್ಕಿನಿಂದ ಗೂಡು ಹೆಣೆಯುತ್ತದೆ. ಗೂಡು ಕಟ್ಟಲು ಇದು ಹೆಚ್ಚಾಗಿ ಮುಳ್ಳಿನ ಮರಗಳನ್ನು ಅಥವಾ ನೀರಿನ ಮೇಲೆ ಚಾಚಿದ ಕೊಂಬೆಗಳನ್ನು ಆರಿಸಿಕೊಳ್ಳುತ್ತದೆ. ಅಂಥ ಕಡೆಗೆ ಶತ್ರುಗಳು ಸುಲಭವಾಗಿ ತಲುಪಲಾರವು. ಗೂಡು ಅರ್ಧ ಮುಗಿದಾಗ ಗಂಡು ರೆಕ್ಕೆ ಬಡಿಯುತ್ತಾ ಹೆಣ್ಣನ್ನು ಕರೆಯುತ್ತದೆ. ಹೆಣ್ಣು ಬಂದು ಗೂಡನ್ನು ಪರೀಕ್ಷಿಸುತ್ತದೆ. ಅದಕ್ಕೆ ಒಪ್ಪಿಗೆಯಾದರೆ ಗಂಡು ಉಳಿದ ಭಾಗವನ್ನೂ ಕೊಳವೆಯಂಥ ಬಾಗಿಲನ್ನೂ ಹೆಣೆದು ಮುಗಿಸುತ್ತದೆ. ಒಪ್ಪಿಗೆಯಾಗದಿದ್ದರೆ ಆ ಗೂಡು ಅರ್ಧಕ್ಕೇ ನಿಲ್ಲುತ್ತದೆ.

ಮೊದಲ ಪ್ರಶ್ನೆ, ಒಂದು ಅಂಕದ್ದು: *ಗಂಡು ಗೀಜಗ ಯಾವ ವಸ್ತುಗಳಿಂದ ಗೂಡು ಹೆಣೆಯುತ್ತದೆ?*

ಇಂಥ ಪ್ರಶ್ನೆಗೆ ಮಕ್ಕಳು ಮೂರು ರೀತಿಯಲ್ಲಿ ತಪ್ಪು ಮಾಡುತ್ತಾರೆ. ಒಬ್ಬ ‘ಹುಲ್ಲು, ತಾಳೆಗರಿ’ ಎಂದು ಬರೆಯುತ್ತಾನೆ. ವಿಷಯ ಸರಿ, ಆದರೆ ವಾಕ್ಯವಾಗಿಲ್ಲ. ಇನ್ನೊಬ್ಬಳು ‘ಅದು ಹುಲ್ಲಿನ ಎಸಳುಗಳನ್ನು ಮತ್ತು ತಾಳೆಗರಿಯ ಸೀಳುಗಳನ್ನು ತಂದು ಕೊಕ್ಕಿನಿಂದ ಗೂಡು ಹೆಣೆಯುತ್ತದೆ’ ಎಂದು ಇದ್ದಂತೆಯೇ ಇಳಿಸುತ್ತಾಳೆ. ವಾಕ್ಯ ಪೂರ್ಣವಾಗಿದೆ, ಉತ್ತರವೂ ಅದರೊಳಗಿದೆ. ಆದರೆ ‘ಅದು’ ಎಂದರೆ ಯಾವುದು? ಕೊಕ್ಕನ್ನು ಯಾರು ಕೇಳಿದರು? ಮೂರನೆಯವನು ‘ಗಂಡು ಗೀಜಗ ಕೊಕ್ಕಿನಿಂದ ಗೂಡು ಹೆಣೆಯುತ್ತದೆ’ ಎಂದು ಬರೆಯುತ್ತಾನೆ. ವಾಕ್ಯ ಅಚ್ಚುಕಟ್ಟು, ಉತ್ತರ ತಪ್ಪು. ಪ್ರಶ್ನೆಯಲ್ಲಿ ‘ಇಂದ’ ಇತ್ತು, ಗದ್ಯದಲ್ಲಿ ‘ಇಂದ’ ಹುಡುಕಿದ, ಸಿಕ್ಕಿದ್ದು ಕೊಕ್ಕು.

ಈಗ ಪ್ರಶ್ನೆಯನ್ನೇ ನಿಧಾನವಾಗಿ ಓದೋಣ. ‘ಯಾವ ವಸ್ತುಗಳಿಂದ’ ಎಂದಿದೆ. ‘ವಸ್ತುಗಳು’ ಎಂದ ಮೇಲೆ ಒಂದಕ್ಕಿಂತ ಹೆಚ್ಚು ಇರಬೇಕು, ಅಲ್ವಾ? ಕೊಕ್ಕು ಒಂದೇ. ಅದೂ ಅಲ್ಲದೆ ಕೊಕ್ಕು ಹಕ್ಕಿಯ ಉಪಕರಣ, ಗೂಡಿನ ಸಾಮಗ್ರಿ ಅಲ್ಲ. ‘ಇಂದ’ ಎಂಬ ಪ್ರತ್ಯಯ ಉತ್ತರಕ್ಕೂ ಬರಬೇಕು. ಗದ್ಯದಲ್ಲಿ ‘ಎಸಳುಗಳನ್ನು’, ‘ಸೀಳುಗಳನ್ನು’ ಎಂದಿದೆ. ಆ ‘ಅನ್ನು’ ತೆಗೆದು ‘ಇಂದ’ ಹಚ್ಚಬೇಕು. ಉಳಿದದ್ದೆಲ್ಲ ಪ್ರಶ್ನೆಯಲ್ಲೇ ಸಿದ್ಧವಾಗಿದೆ. ‘ಯಾವ ವಸ್ತುಗಳಿಂದ’ ಎಂಬ ಭಾಗವನ್ನು ಎತ್ತಿ, ಆ ಜಾಗದಲ್ಲಿ ಉತ್ತರ ಇಟ್ಟರೆ ಸಾಕು:

*ಗಂಡು ಗೀಜಗ ಹುಲ್ಲಿನ ಎಸಳುಗಳಿಂದ ಮತ್ತು ತಾಳೆಗರಿಯ ಸೀಳುಗಳಿಂದ ಗೂಡು ಹೆಣೆಯುತ್ತದೆ.*

ಇದು ಎಲ್ಲ ಪ್ರಶ್ನಾರ್ಥಕ ಪದಗಳಿಗೂ ಹೊಂದುತ್ತದೆ. ‘ಯಾರು’ ಎಂದು ಕೇಳಿದರೆ ‘ರೈತನು’, ‘ಯಾರನ್ನು’ ಎಂದರೆ ‘ರೈತನನ್ನು’, ‘ಯಾರಿಗೆ’ ಎಂದರೆ ‘ರೈತನಿಗೆ’, ‘ಯಾರ’ ಎಂದರೆ ‘ರೈತನ’, ‘ಎಲ್ಲಿ’ ಎಂದರೆ ‘ಹೊಲದಲ್ಲಿ’. ಪ್ರಶ್ನೆಯಲ್ಲಿರುವ ವಿಭಕ್ತಿಯೇ ಉತ್ತರಕ್ಕೂ ಬರುತ್ತದೆ. ಮಗನಿಗೆ ವಿಭಕ್ತಿಯ ಹೆಸರುಗಳನ್ನು ಹೇಳಬೇಕಾಗಿಲ್ಲ. ‘ಪ್ರಶ್ನೆಯ ಬಾಲ ಯಾವುದು?’ ಎಂದು ಕೇಳಿ, ಅಷ್ಟು ಸಾಕು. ‘ಯಾರಿಗೆ’ ಎಂಬ ಪ್ರಶ್ನೆಗೆ ‘ರೈತ’ ಎಂದು ಬರೆದಾಗ, ಅದು ವಾಕ್ಯದಲ್ಲಿ ಕೂರುವುದಿಲ್ಲ ಎಂದು ಅವನ ಕಿವಿಗೇ ಗೊತ್ತಾಗುತ್ತದೆ. ಮಾತೃಭಾಷೆಯ ಮಕ್ಕಳಿಗೆ ಇರುವ ದೊಡ್ಡ ಅನುಕೂಲ ಇದೇ. ಜೋರಾಗಿ ಓದಿದರೆ ತಪ್ಪು ತಾನೇ ಕೇಳಿಸುತ್ತದೆ.

ಎರಡನೇ ಪ್ರಶ್ನೆ, ಇದೂ ಒಂದು ಅಂಕದ್ದು: *ಗೀಜಗವು ನೀರಿನ ಮೇಲೆ ಚಾಚಿದ ಕೊಂಬೆಗಳನ್ನು ಏಕೆ ಆರಿಸಿಕೊಳ್ಳುತ್ತದೆ?*

ಅಂಕ ಹೆಚ್ಚು ಹೋಗುವುದು ಈ ‘ಏಕೆ’ಯಲ್ಲಿ. ಮಕ್ಕಳು ‘ಏಕೆಂದರೆ ಅಂಥ ಕಡೆಗೆ ಶತ್ರುಗಳು ಸುಲಭವಾಗಿ ತಲುಪಲಾರವು’ ಎಂದು ಬರೆಯುತ್ತಾರೆ. ಕಾರಣ ಸರಿಯಾಗಿಯೇ ಹಿಡಿದಿದ್ದಾರೆ. ಆದರೆ ‘ಏಕೆಂದರೆ’ ಎಂಬ ಪದಕ್ಕೆ ಅದರ ಹಿಂದೆ ಒಂದು ಮಾತು ಬೇಕು. ಹಿಂದೆ ಏನೂ ಇಲ್ಲದೆ ‘ಏಕೆಂದರೆ’ಯಿಂದ ಶುರುವಾದ ವಾಕ್ಯ ಅರ್ಧ ವಾಕ್ಯ. ಜೊತೆಗೆ ‘ಅಂಥ ಕಡೆಗೆ’ ಎಂದರೆ ಎಂಥ ಕಡೆಗೆ ಎಂಬುದು ಗದ್ಯದಲ್ಲಿ ಉಳಿದುಹೋಯಿತು, ಉತ್ತರಕ್ಕೆ ಬರಲಿಲ್ಲ.

ಕಾರಣ ಕೇಳಿದಾಗ ಕನ್ನಡದಲ್ಲಿ ಕಾರಣವನ್ನು ಮುಂದಿಟ್ಟು ಪ್ರಶ್ನೆಯ ಮಾತನ್ನು ಹಿಂದಿಡುವುದು ಸಹಜ. ಎರಡನ್ನೂ ‘-ಇಂದ’, ‘ಎಂಬ ಕಾರಣಕ್ಕೆ’ ಅಥವಾ ‘ಆದ್ದರಿಂದ’ ಸೇರಿಸುತ್ತದೆ:

*ಶತ್ರುಗಳು ಸುಲಭವಾಗಿ ತಲುಪಲಾರವು ಎಂಬ ಕಾರಣಕ್ಕೆ ಗೀಜಗವು ನೀರಿನ ಮೇಲೆ ಚಾಚಿದ ಕೊಂಬೆಗಳನ್ನು ಆರಿಸಿಕೊಳ್ಳುತ್ತದೆ.*

ತಿರುಗಿಸಿ ‘ಗೀಜಗವು ... ಆರಿಸಿಕೊಳ್ಳುತ್ತದೆ, ಏಕೆಂದರೆ ಅಲ್ಲಿಗೆ ಶತ್ರುಗಳು ಸುಲಭವಾಗಿ ತಲುಪಲಾರವು’ ಎಂದರೂ ಸರಿಯೇ. ಈಗ ‘ಅಲ್ಲಿಗೆ’ ಎಂಬುದಕ್ಕೆ ಅದೇ ವಾಕ್ಯದಲ್ಲಿ ಅರ್ಥ ಸಿಗುತ್ತದೆ. ಆಗಬಾರದ್ದು ಎರಡೂ ಒಟ್ಟಿಗೆ ಬರುವುದು. ‘ಏಕೆಂದರೆ ಶತ್ರುಗಳು ತಲುಪಲಾರವು ಆದ್ದರಿಂದ...’ ಎಂದು ಶುರು ಮಾಡಿದ ಹುಡುಗ ವಾಕ್ಯದ ಮಧ್ಯೆಯೇ ಸಿಕ್ಕಿಹಾಕಿಕೊಳ್ಳುತ್ತಾನೆ. ಇನ್ನೊಂದು ಸಣ್ಣ ವಿಷಯ: ಶತ್ರುಗಳು ಬಹುವಚನ, ಆದ್ದರಿಂದ ‘ತಲುಪಲಾರವು’. ‘ಶತ್ರುಗಳು ತಲುಪಲಾರದು’ ಎಂಬ ಬರಹ ಬಹಳ ಕಾಣುತ್ತದೆ. ಮಾತಿನಲ್ಲಿ ‘ಹಕ್ಕಿಗಳು ಬಂತು’ ಎನ್ನುವುದು ರೂಢಿಯಾಗಿರುವುದರಿಂದ ಮಕ್ಕಳು ಬರೆಯುವಾಗಲೂ ಹಾಗೇ ಬರೆಯುತ್ತಾರೆ. ಬರವಣಿಗೆಯಲ್ಲಿ ‘ಹಕ್ಕಿಗಳು ಬಂದವು’ ಎಂದೇ ಆಗಬೇಕು.

ಮೂರನೇ ಪ್ರಶ್ನೆ, ಎರಡು ಅಂಕದ್ದು: *ಗೀಜಗದ ಕೆಲವು ಗೂಡುಗಳು ಅರ್ಧಕ್ಕೇ ನಿಲ್ಲಲು ಕಾರಣವೇನು?*

‘ಎಷ್ಟು ಬರೀಬೇಕು’ ಎಂಬ ನಿಮ್ಮ ಮಗನ ಪ್ರಶ್ನೆಗೆ ಉತ್ತರ ಇಲ್ಲಿದೆ. ಎಣಿಸಬೇಕಾದದ್ದು ಸಾಲುಗಳನ್ನಲ್ಲ, ಅಂಶಗಳನ್ನು. ಎರಡು ಅಂಕ ಎಂದರೆ ಸಾಮಾನ್ಯವಾಗಿ ಎರಡು ಅಂಶ ಬೇಕು ಎಂದು ಅರ್ಥ. ಇಲ್ಲಿ ಮಗು ‘ಗೂಡು ಅರ್ಧ ಮುಗಿದಾಗ’ ಎಂಬಲ್ಲಿಂದ ಕೊನೆಯವರೆಗೆ ನಾಲ್ಕೂ ವಾಕ್ಯಗಳನ್ನು ಬರೆದುಬಿಡುತ್ತದೆ. ಅದರಲ್ಲಿ ರೆಕ್ಕೆ ಬಡಿಯುವುದು ಬೇಡ, ಕೊಳವೆಯಂಥ ಬಾಗಿಲೂ ಬೇಡ. ‘ಒಪ್ಪಿಗೆಯಾದರೆ ಮುಗಿಸುತ್ತದೆ’ ಎಂಬುದಂತೂ ಕೇಳಿದ್ದಕ್ಕೆ ವಿರುದ್ಧವಾದ ವಿಷಯ, ಮುಗಿದ ಗೂಡಿನ ಕಥೆ. ನಿಂತುಹೋದ ಗೂಡಿಗೆ ಬೇಕಾದದ್ದು ಎರಡೇ. ಹೆಣ್ಣು ಪರೀಕ್ಷಿಸುತ್ತದೆ ಎಂಬುದು ಒಂದು, ಅದಕ್ಕೆ ಒಪ್ಪಿಗೆಯಾಗುವುದಿಲ್ಲ ಎಂಬುದು ಇನ್ನೊಂದು.

*ಗೂಡು ಅರ್ಧ ಮುಗಿದಾಗ ಹೆಣ್ಣು ಗೀಜಗ ಬಂದು ಅದನ್ನು ಪರೀಕ್ಷಿಸುತ್ತದೆ. ಹೆಣ್ಣಿಗೆ ಒಪ್ಪಿಗೆಯಾಗದ ಗೂಡುಗಳು ಅರ್ಧಕ್ಕೇ ನಿಲ್ಲುತ್ತವೆ.*

ಎರಡು ವಾಕ್ಯ, ಎರಡು ಅಂಶ. ‘ಅದಕ್ಕೆ ಒಪ್ಪಿಗೆಯಾಗದಿದ್ದರೆ’ ಎಂದು ಬರೆಯದೆ ‘ಹೆಣ್ಣಿಗೆ’ ಎಂದು ಬರೆದಿರುವುದನ್ನು ಮಗನಿಗೆ ತೋರಿಸಿ. ಗದ್ಯದ ‘ಅದು, ಇದು, ಅವರು, ಅಲ್ಲಿ, ಅಂಥ, ಆಗ’ ಎಂಬ ಪದಗಳು ಹಿಂದಿನ ವಾಕ್ಯವನ್ನು ನೆಚ್ಚಿಕೊಂಡಿರುತ್ತವೆ. ಅವುಗಳನ್ನು ಉತ್ತರಕ್ಕೆ ತರುವಾಗ ನಿಜವಾದ ಹೆಸರು ಹಾಕಬೇಕು. ವಾಕ್ಯ ನಕಲು ಮಾಡುವುದರಲ್ಲಿ ಇರುವ ನಿಜವಾದ ಅಪಾಯ ಇದೇ. ನಕಲು ಎಂಬ ಕಾರಣಕ್ಕೇ ಸಾಮಾನ್ಯವಾಗಿ ಅಂಕ ಕತ್ತರಿಸುವುದಿಲ್ಲ.

ಹಾಗಾಗಿ ನಿಮ್ಮ ಇನ್ನೊಂದು ಪ್ರಶ್ನೆಗೆ ಬರುತ್ತೇನೆ. ‘ಸ್ವಂತ ವಾಕ್ಯದಲ್ಲೇ ಬರೆಯಬೇಕು’ ಎಂಬುದು ಎಲ್ಲ ಕಡೆಗೂ ಹೊಂದುವ ನಿಯಮವಲ್ಲ. ಗದ್ಯದ ಒಂದು ವಾಕ್ಯ ಪ್ರಶ್ನೆಗೆ ಪೂರ್ತಿಯಾಗಿ, ನೇರವಾಗಿ ಉತ್ತರ ಕೊಡುತ್ತಿದ್ದರೆ ಅದನ್ನೇ ಬರೆಯಬಹುದು. ‘ಗಂಡು ಗೀಜಗ ಯಾವಾಗ ಗೂಡು ಕಟ್ಟಲು ಶುರು ಮಾಡುತ್ತದೆ?’ ಎಂದು ಕೇಳಿದರೆ ಗದ್ಯದ ಎರಡನೇ ವಾಕ್ಯವೇ ಉತ್ತರ. ಅದನ್ನು ಸುಮ್ನೆ ತಿರುಚಿ ಬೇರೆ ಪದಗಳಲ್ಲಿ ಬರೆಯಲು ಹೋಗಿ, ‘ಮಳೆಗಾಲ’ ಎಂಬ ಮುಖ್ಯ ಪದವನ್ನೇ ಬಿಟ್ಟು ಬಂದ ಮಕ್ಕಳಿದ್ದಾರೆ. ಆದರೆ ‘ನಿಮ್ಮ ಮಾತುಗಳಲ್ಲಿ ಬರೆಯಿರಿ’, ‘ಸಂಗ್ರಹಿಸಿ ಬರೆಯಿರಿ’, ‘ನಿಮಗೆ ಏನನ್ನಿಸುತ್ತದೆ?’ ಎಂದು ಪ್ರಶ್ನೆಯೇ ಕೇಳಿದ್ದರೆ ನಕಲು ನಡೆಯುವುದಿಲ್ಲ. ಮೂರನೇ ಪ್ರಶ್ನೆಯಂತೆ ಉತ್ತರ ಎರಡು ಮೂರು ವಾಕ್ಯಗಳಲ್ಲಿ ಹರಡಿಕೊಂಡಿದ್ದಾಗಲೂ ಸ್ವಂತವಾಗಿ ಜೋಡಿಸಲೇಬೇಕು.

ಪ್ರಶ್ನೆಯ ಪದಗಳನ್ನೇ ಇಟ್ಟುಕೊಂಡು ಉತ್ತರ ಕಟ್ಟುವ ದಾರಿಗೂ ಅದರದೇ ತೊಡಕುಗಳಿವೆ. ಪ್ರಶ್ನೆ ಉದ್ದವಾಗಿದ್ದರೆ ಉತ್ತರವೂ ಸುಮ್ಮನೆ ಉದ್ದವಾಗುತ್ತದೆ. ‘ಮಳೆಗಾಲದ ಹೊತ್ತಿಗೆ ಮುಳ್ಳಿನ ಮರಗಳಲ್ಲಿ ಗೂಡು ಕಟ್ಟುವ, ಗುಬ್ಬಚ್ಚಿಯಷ್ಟು ದೊಡ್ಡದಾದ ಹಕ್ಕಿಯ ಹೆಸರೇನು?’ ಎಂದು ಕೇಳಿದರೆ ಅಷ್ಟನ್ನೂ ಮತ್ತೆ ಬರೆಯುವ ಅಗತ್ಯವಿಲ್ಲ. ‘ಆ ಹಕ್ಕಿಯ ಹೆಸರು ಗೀಜಗ’ ಎಂದರೆ ಸಾಕು. ಇಲ್ಲಿ ‘ಆ’ ಎಂಬುದು ಪ್ರಶ್ನೆಯಲ್ಲಿರುವ ಹಕ್ಕಿಯನ್ನೇ ತೋರಿಸುತ್ತದೆ, ಗೊಂದಲವಿಲ್ಲ. ಈ ಉತ್ತರದ ಕೊನೆಗೆ ‘ಆಗಿದೆ’ ಸೇರಿಸಬೇಕು, ಇಲ್ಲದಿದ್ದರೆ ಕ್ರಿಯಾಪದ ಇಲ್ಲದೆ ವಾಕ್ಯ ಅಪೂರ್ಣ ಎಂದು ಕೆಲವರು ಹೇಳಿಕೊಡುತ್ತಾರೆ. ಅದು ಸರಿಯಲ್ಲ. ‘ಅವನ ಹೆಸರು ರಾಮ’, ‘ಇದು ನಮ್ಮ ಮನೆ’ ಇವು ಕನ್ನಡದಲ್ಲಿ ಕ್ರಿಯಾಪದವಿಲ್ಲದೆಯೇ ಪೂರ್ಣ ವಾಕ್ಯಗಳು. ‘ಆ ಹಕ್ಕಿಯ ಹೆಸರು ಗೀಜಗ ಆಗಿದೆ’ ಎಂಬುದು ಕಿವಿಗೆ ಒರಟಾಗಿ ಕೇಳುತ್ತದೆ. ಮಗನಿಗೆ ಆ ಅಭ್ಯಾಸ ಇದ್ದರೆ ಬಿಡಿಸಿ.

ವಾಕ್ಯ ನಿಜವಾಗಿ ಅಪೂರ್ಣವಾಗುವುದು ಬೇರೆ ಕಡೆ. ‘ಹೆಣ್ಣು ಬಂದು ಗೂಡನ್ನು ನೋಡಿ.’ ಎಂದು ಬರೆದು ಪೂರ್ಣವಿರಾಮ ಹಾಕುವವರಿದ್ದಾರೆ. ‘ಬಂದು, ನೋಡಿ, ಹೋದಾಗ, ಮಾಡಿದರೆ’ ಇವೆಲ್ಲ ಮುಂದೆ ಇನ್ನೇನೋ ಬರಲಿದೆ ಎಂದು ಹೇಳುವ ರೂಪಗಳು. ಅವುಗಳ ಮೇಲೆ ವಾಕ್ಯ ನಿಲ್ಲುವುದಿಲ್ಲ. ಉದ್ದವಾದ ವಾಕ್ಯವನ್ನು ನಕಲು ಮಾಡುತ್ತಾ ‘ಇಷ್ಟು ಸಾಕು’ ಎಂದು ಮಧ್ಯದಲ್ಲಿ ಕತ್ತರಿಸಿದಾಗ ಹೀಗಾಗುತ್ತದೆ.

ಸಂಭಾಷಣೆ ಇರುವ ಗದ್ಯದಲ್ಲಿ ಇನ್ನೊಂದು ತೊಡಕು ಇದೆ. ಗದ್ಯದಲ್ಲಿ ‘ನಾನು ನಾಳೆ ಬರುತ್ತೇನೆ’ ಎಂದು ರೈತ ಹೇಳಿರುತ್ತಾನೆ. ‘ರೈತನು ಏನೆಂದು ಹೇಳಿದನು?’ ಎಂಬುದು ಪ್ರಶ್ನೆ. ಉದ್ಧರಣ ಚಿಹ್ನೆ ಹಾಕಿ ರೈತನ ಮಾತನ್ನೇ ಬರೆದು ‘ಎಂದು ರೈತನು ಹೇಳಿದನು’ ಎನ್ನಬಹುದು. ಇಲ್ಲವೇ ‘ರೈತನು ತಾನು ಮರುದಿನ ಬರುವುದಾಗಿ ಹೇಳಿದನು’ ಎನ್ನಬಹುದು. ಮೊದಲನೆಯದು ಸುಲಭ, ಆದರೆ ಚಿಹ್ನೆ ಮರೆತರೆ ಓದುವವರಿಗೆ ‘ನಾನು’ ಯಾರು ಎಂದು ತಿಳಿಯದು. ಎರಡನೆಯದರಲ್ಲಿ ‘ನಾನು’ ಹೋಗಿ ‘ತಾನು’ ಬರಬೇಕು, ‘ನಾಳೆ’ ಹೋಗಿ ‘ಮರುದಿನ’ ಬರಬೇಕು. ಒಂದನ್ನು ಬದಲಿಸಿ ಇನ್ನೊಂದನ್ನು ಮರೆಯುವವರೇ ಜಾಸ್ತಿ. ಎಂಟನೇ ತರಗತಿಯ ಹುಡುಗನಿಗೆ ನಾನಾದರೆ ಮೊದಲನೆಯದನ್ನೇ ಹೇಳಿಕೊಡುತ್ತೇನೆ.

ಒಂದು ಪದ ಸಾಕಾಗುವ ಕಡೆಯೂ ಇದೆ. ಶೀರ್ಷಿಕೆ ಕೊಡಿ, ವಿರುದ್ಧ ಪದ ಬರೆಯಿರಿ, ಬಿಟ್ಟ ಸ್ಥಳ ತುಂಬಿ ಎಂದರೆ ಪೂರ್ಣ ವಾಕ್ಯ ಬೇಡ. ಮೇಲಿನ ಗದ್ಯಕ್ಕೆ ‘ಗೀಜಗದ ಗೂಡು’ ಎಂಬುದು ಒಳ್ಳೆಯ ಶೀರ್ಷಿಕೆ. ‘ಗೀಜಗ’ ಎಂದಷ್ಟೇ ಬರೆದರೆ ಸ್ವಲ್ಪ ಅಗಲವಾಯಿತು, ಏಕೆಂದರೆ ಹಕ್ಕಿಯ ಆಹಾರ, ಮರಿಗಳ ಬಗ್ಗೆ ಅಲ್ಲಿ ಏನೂ ಇಲ್ಲ. ‘ಹೆಣ್ಣಿನ ಒಪ್ಪಿಗೆ’ ಎಂದರೆ ತೀರಾ ಕಿರಿದಾಯಿತು.

ಪ್ರಶ್ನೆಗಳನ್ನು ಮೊದಲು ಓದಬೇಕೋ ಗದ್ಯವನ್ನೋ ಎಂದೂ ಕೆಲವು ಪೋಷಕರು ಕೇಳುತ್ತಾರೆ. ಪ್ರಶ್ನೆಯನ್ನೇ ಮೊದಲು ಓದಿದರೆ ಸಮಯ ಉಳಿಯುವುದು ನಿಜ. ಆದರೆ ಮಗು ಆಗ ಗದ್ಯವನ್ನು ಓದುವುದಿಲ್ಲ, ಪದ ಹುಡುಕುತ್ತದೆ. ಕೊಕ್ಕಿನ ತಪ್ಪು ಹುಟ್ಟುವುದು ಹೀಗೆ. ಗದ್ಯವನ್ನು ಒಮ್ಮೆ ನಿಲ್ಲಿಸದೆ ಓದಿ, ಆಮೇಲೆ ಪ್ರಶ್ನೆ ಓದಿ, ಪ್ರಶ್ನಾರ್ಥಕ ಪದದ ಕೆಳಗೆ ಗೆರೆ ಎಳೆದು, ಮತ್ತೆ ಗದ್ಯಕ್ಕೆ ಹೋಗುವುದು ಒಳ್ಳೆಯದು. ಚೆನ್ನಾಗಿ ಓದಲು ಬರುವ ನಿಮ್ಮ ಮಗನಂಥವರಿಗೆ ಇದರಿಂದ ಹೊತ್ತೇನೂ ಹೋಗುವುದಿಲ್ಲ.

ಉತ್ತರ ಬರೆದ ಮೇಲೆ ಒಂದು ಪರೀಕ್ಷೆ ಮಾಡಿಸಿ. ಗದ್ಯವನ್ನು ಕೈಯಿಂದ ಮುಚ್ಚಿ, ಪ್ರಶ್ನೆ ಮತ್ತು ಉತ್ತರವನ್ನು ಮಾತ್ರ ನಿಮಗೆ ಜೋರಾಗಿ ಓದಿ ಹೇಳಲಿ. ಗದ್ಯ ಓದಿರದ ನಿಮಗೆ ಅರ್ಥವಾಯಿತೇ? ‘ಯಾರು?’, ‘ಎಲ್ಲಿ?’ ಎಂದು ಕೇಳಬೇಕು ಎನಿಸಿದರೆ ಏನೋ ಬಿಟ್ಟುಹೋಗಿದೆ. ‘ಇದನ್ನು ನಾನು ಕೇಳಲೇ ಇಲ್ಲವಲ್ಲ’ ಎನಿಸಿದರೆ ಏನೋ ಹೆಚ್ಚಾಗಿದೆ. ಇಷ್ಟಕ್ಕೆ ನಿಮಗೆ ವ್ಯಾಕರಣ ಗೊತ್ತಿರಬೇಕಾಗಿಲ್ಲ. ಪತ್ರಿಕೆಯ ಒಂದು ಪ್ಯಾರಾ ತೆಗೆದುಕೊಂಡು, ನೀವೇ ಒಂದು ‘ಏಕೆ’, ಒಂದು ‘ಯಾರಿಗೆ’ ಅಥವಾ ‘ಯಾವುದರಿಂದ’ ಕೇಳಿ. ಮೊದಮೊದಲು ಬರೆಸಬೇಡಿ, ಬಾಯಲ್ಲೇ ಪೂರ್ಣ ವಾಕ್ಯ ಹೇಳಿಸಿ. ವಾಕ್ಯ ಬಾಯಲ್ಲಿ ಕೂತ ಮೇಲೆ ಬರೆಸಿ. ಆಗ ‘ಹೆಣಿತದೆ’, ‘ಹೋಗ್ತವೆ’ ಎಂಬ ಮಾತಿನ ರೂಪಗಳು ‘ಹೆಣೆಯುತ್ತದೆ’, ‘ಹೋಗುತ್ತವೆ’ ಆಗಿವೆಯೇ ಎಂದಷ್ಟೇ ನೋಡಿ. ಮಾತಾಡುವಾಗ ಅವನನ್ನು ತಿದ್ದಬೇಡಿ, ಮನೆಯ ಮಾತು ಹಾಗೇ ಇರಲಿ.

ಉತ್ತರ ಸ್ವಲ್ಪ ಹೆಚ್ಚಾದರೆ ಅಂಕ ಹೋಗುತ್ತದೆಯೇ ಎಂಬುದು ಮೌಲ್ಯಮಾಪಕರ ಮೇಲೂ ನಿಂತಿದೆ. ಸರಿಯಾದ ಅಂಶ ಕಂಡರೆ ಪೂರ್ತಿ ಅಂಕ ಕೊಡುವವರಿದ್ದಾರೆ. ‘ಒಂದು ವಾಕ್ಯದಲ್ಲಿ ಉತ್ತರಿಸಿ’ ಎಂಬ ಸೂಚನೆ ಮೀರಿದರೆ ಅರ್ಧ ಅಂಕ ಕಳೆಯುವವರೂ ಇದ್ದಾರೆ. ಮಗನ ಶಿಕ್ಷಕರನ್ನು ನೇರವಾಗಿ ಕೇಳಿ ತಿಳಿದುಕೊಳ್ಳಿ. ಹೋಗುವಾಗ ಅವನ ಹಳೆಯ ಉತ್ತರ ಪತ್ರಿಕೆಯನ್ನೂ ತೆಗೆದುಕೊಂಡು ಹೋಗಿ.

ಇಷ್ಟು ಮಾಡಿಯೂ ಎರಡು ಮೂರು ವಾರಗಳಲ್ಲಿ ಬದಲಾವಣೆ ಕಾಣದಿದ್ದರೆ, ಒಂದು ಗದ್ಯ ಕೊಟ್ಟು ಉತ್ತರ ಬರೆಯಲು ಹೇಳದೆ, ಉತ್ತರ ಇರುವ ಸಾಲಿನ ಕೆಳಗೆ ಗೆರೆ ಎಳೆಯಲು ಮಾತ್ರ ಹೇಳಿ. ಸರಿಯಾದ ಸಾಲಿಗೆ ಗೆರೆ ಬಿದ್ದರೆ ತೊಂದರೆ ವಾಕ್ಯ ಕಟ್ಟುವುದರಲ್ಲಿದೆ, ಮೇಲೆ ಹೇಳಿದ್ದನ್ನೇ ಮುಂದುವರಿಸಿ. ತಪ್ಪು ಸಾಲಿಗೆ ಬಿದ್ದರೆ ಅವನು ಜೋರಾಗಿ, ಸರಾಗವಾಗಿ ಓದುತ್ತಿದ್ದರೂ ಅರ್ಥ ಹಿಡಿಯುತ್ತಿಲ್ಲ. ಆಗ ಕೆಲವು ದಿನ ಉತ್ತರ ಬರೆಸುವುದನ್ನು ಪೂರ್ತಿ ನಿಲ್ಲಿಸಿ, ಒಂದು ಪ್ಯಾರಾ ಓದಿಸಿ ‘ಇದರಲ್ಲಿ ಏನಿದೆ, ನಿನ್ನ ಮಾತಲ್ಲಿ ಹೇಳು’ ಎಂದು ಕೇಳುವುದರಿಂದ ಶುರು ಮಾಡಬೇಕಾಗುತ್ತದೆ.